ಕ್ಯಾಶ್ ಮತ್ತು ಡೇಟಾ: ಅಳಿಸಿದರೆ ಹೋಗುವುದೇನು?

ಆಂಡ್ರಾಯ್ಡ್ ಫೋನಿನ Settings ಭಾಗದಲ್ಲಿ ಯಾವುದಾದರೊಂದು ಆಪ್‌ನ ಹೆಸರನ್ನು ಒತ್ತಿ, Storage & cache ಎಂಬ ಪುಟವನ್ನು ತೆರೆದರೆ ಅಲ್ಲಿ ಎರಡು ಗುಂಡಿಗಳು ಅಕ್ಕಪಕ್ಕದಲ್ಲಿಯೇ ಕಾಣುತ್ತವೆ. ಒಂದು Clear cache. ಇನ್ನೊಂದು Clear storage. ಕೆಲವು ತಯಾರಕರ ಫೋನುಗಳಲ್ಲಿ ಎರಡನೆಯದಕ್ಕೆ Clear data ಎಂದು ಹೆಸರು. ಎರಡೂ ಫೋನಿನಲ್ಲಿ ಜಾಗವನ್ನು ತೆರವು ಮಾಡುತ್ತವೆ. ಆದರೆ ಮೊದಲನೆಯದರಿಂದ ಆಗುವ ನಷ್ಟವು ಕೆಲವು ನಿಮಿಷಗಳಲ್ಲಿ ತುಂಬಿಬರುವಂಥದು. ಎರಡನೆಯದರಿಂದ ಆಗುವ ನಷ್ಟವು ಕೆಲವೊಮ್ಮೆ ಎಂದಿಗೂ ತುಂಬಿಬರಲಾರದು. ಈ ಅಂತರಕ್ಕೆ ಕಾರಣವೇನೆಂಬುದನ್ನು ವಿಚಾರಿಸೋಣ.

ಆಂಡ್ರಾಯ್ಡ್ ವ್ಯವಸ್ಥೆಯು ಪ್ರತಿಯೊಂದು ಆಪ್‌ಗೂ ಒಂದು ಖಾಸಗಿ ಕೋಣೆಯನ್ನು ಕೊಡುತ್ತದೆ. ಒಂದರ ಕೋಣೆಯನ್ನು ಇನ್ನೊಂದು ಪ್ರವೇಶಿಸುವಂತಿಲ್ಲ. ಈ ಕೋಣೆಯೊಳಗೆ cache ಎಂಬ ಒಂದು ವಿಭಾಗವೂ, files, databases, shared_prefs ಎಂಬ ಬೇರೆ ವಿಭಾಗಗಳೂ ಇರುತ್ತವೆ. ಇವುಗಳ ಸಂಬಂಧವನ್ನು ದಿನಸಿ ಅಂಗಡಿಯ ಹೋಲಿಕೆಯಿಂದ ತಿಳಿಯಬಹುದು. ಅಂಗಡಿಯವನು ಗೋದಾಮಿನಿಂದ ಒಂದಷ್ಟು ಸಾಮಾನನ್ನು ತಂದು ಕೈಗೆಟುಕುವಂತೆ ಎದುರಿನ ಕಪಾಟಿನಲ್ಲಿ ಜೋಡಿಸಿರುತ್ತಾನೆ. ಕ್ಯಾಶ್ ಎಂದರೆ ಈ ಕಪಾಟು. ಅದು ಬರಿದಾದರೆ ಮತ್ತೊಮ್ಮೆ ಗೋದಾಮಿಗೆ ಹೋಗಿಬರುವ ಶ್ರಮವಷ್ಟೆ. ಆದರೆ ಅವನ ಖಾತೆಪುಸ್ತಕ ಸುಟ್ಟುಹೋದರೆ ಯಾರು ಎಷ್ಟು ಕೊಡಬೇಕೆಂಬುದು ಯಾವ ಗೋದಾಮಿನಲ್ಲಿಯೂ ದೊರೆಯದು. ಆಪ್‌ನ ಡೇಟಾದಲ್ಲಿ ಇಂಥ ಖಾತೆಪುಸ್ತಕಗಳು ಇರುತ್ತವೆ.

ಈಗ Clear cache ಒತ್ತಿದರೆ ಆಗುವುದೇನು? ಹಿಂದೆ ನೋಡಿದ ಚಿತ್ರಗಳ ಪ್ರತಿಗಳು, ಇಳಿಸಿಕೊಂಡ ಪುಟಗಳ ತುಣುಕುಗಳು ಮೊದಲಾದವು ಅಳಿಯುತ್ತವೆ. ಲಾಗಿನ್, ಆಯ್ಕೆಗಳು, ಸಂದೇಶಗಳು ಹಾಗೆಯೇ ಉಳಿಯುತ್ತವೆ. ಮುಂದಿನ ಬಾರಿ ಆಪ್ ತುಸು ನಿಧಾನವಾಗಿ ತೆರೆದುಕೊಂಡು, ಅಳಿದುದನ್ನು ಇಂಟರ್‌ನೆಟ್ಟಿನಿಂದ ಪುನಃ ತರಿಸಿಕೊಳ್ಳುತ್ತದೆ. 300 ಎಂ.ಬಿ. ಕ್ಯಾಶ್ ಅಳಿಸಿದವನು ಬಳಕೆ ಮುಂದುವರಿದಂತೆ ಅದರ ಬಹುಭಾಗವನ್ನು ತನ್ನ ದಿನದ ಡೇಟಾ ಪ್ಯಾಕಿನಿಂದಲೇ ಮತ್ತೆ ತುಂಬಬೇಕಾಗುತ್ತದೆ. ಜಾಗ ಕಡಿಮೆಯಾದಾಗ ಆಂಡ್ರಾಯ್ಡ್ ತಾನೇ ಕ್ಯಾಶನ್ನು ಅಳಿಸುತ್ತದೆ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದೀಚೆಗೆ, ತನ್ನ ಪಾಲನ್ನು ಮೀರಿದ ಆಪ್‌ಗಳ ಕ್ಯಾಶ್ ಮೊದಲು ಹೋಗುತ್ತದೆ. ಆದುದರಿಂದ ಪ್ರತಿದಿನವೂ ಅದನ್ನು ಅಳಿಸುವುದು ವ್ಯರ್ಥ ಪ್ರಯಾಸ.

Clear storage ಒತ್ತಿದಾಗ ಫೋನು ಮತ್ತೊಮ್ಮೆ ಒಪ್ಪಿಗೆ ಕೇಳುತ್ತದೆ. ಒಪ್ಪಿದರೆ ಇಡೀ ಕೋಣೆಯೇ ಬರಿದಾಗುತ್ತದೆ. ಕ್ಯಾಮರಾ, ಮೈಕ್ ಮುಂತಾದವುಗಳಿಗೆ ಕೊಟ್ಟ ಅನುಮತಿಗಳೂ ರದ್ದಾಗುತ್ತವೆ. ಆಪ್ ಮಾತ್ರ ಉಳಿದು, ಅಂದೇ ಸ್ಥಾಪಿಸಿದಂತೆ ವರ್ತಿಸುತ್ತದೆ. DCIM ಮೊದಲಾದ ಸಾರ್ವಜನಿಕ ಫೋಲ್ಡರುಗಳು ಈ ಕೋಣೆಯ ಹೊರಗಿರುವುದರಿಂದ, ಕ್ಯಾಮರಾ ಆಪ್‌ನ ಡೇಟಾ ಅಳಿಸಿದರೂ ಅಲ್ಲಿರುವ ಛಾಯಾಚಿತ್ರಗಳಿಗೆ ಹಾನಿಯಿಲ್ಲ.

ಹಾಗಾದರೆ ಡೇಟಾ ಅಳಿಸಿದ್ದರ ನಷ್ಟವೆಷ್ಟು? ಇದು ಮೂಲಪ್ರತಿ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಯೂಟ್ಯೂಬನ್ನು ಗೂಗಲ್ ಖಾತೆಯಿಂದ ಬಳಸುವವನ ಚಂದಾಗಳೂ ವೀಕ್ಷಣೆಯ ಇತಿಹಾಸವೂ ಗೂಗಲ್‌ನ ಸರ್ವರಿನಲ್ಲಿವೆ. ಡೇಟಾ ಅಳಿಸಿದರೆ ಆಫ್‌ಲೈನ್ ನೋಡಲೆಂದು ಇಳಿಸಿದ್ದ ವೀಡಿಯೊಗಳು ಹೋಗುತ್ತವೆ, ಉಳಿದುದು ಹಿಂದಿರುಗುತ್ತದೆ. ಸಿಗ್ನಲ್ ಆಪ್‌ನ ಸ್ಥಿತಿ ಬೇರೆ. ಅದು ಸಂದೇಶಗಳ ಇತಿಹಾಸವನ್ನು ಗೂಢಲಿಪಿಯಲ್ಲಿ ಫೋನಿನೊಳಗೇ ಇಡುತ್ತದೆ. ಬಂದ ಚಿತ್ರಗಳು ಕೂಡ, ಗ್ಯಾಲರಿಗೆ ಉಳಿಸದಿದ್ದರೆ, ಅಲ್ಲಿಯೇ ಇರುತ್ತವೆ. ಅದರ ಡೇಟಾ ಅಳಿಸಿದರೆ ಸಂದೇಶಗಳೂ ಅವನ್ನು ಬಿಡಿಸುವ ಕೀಲಿಯೂ ಒಟ್ಟಿಗೆ ಹೋಗುತ್ತವೆ. ಅದೇ ನಂಬರನ್ನು ಮತ್ತೆ ನೋಂದಾಯಿಸಬಹುದು. ಹೊಸ ಸಂದೇಶಗಳು ಬರುತ್ತವೆ. ಸುರಕ್ಷತಾ ಸಂಖ್ಯೆ ಬದಲಾಯಿತೆಂಬ ಸೂಚನೆಯು ಸ್ನೇಹಿತರಿಗೆ ಕಾಣಬಹುದು. ಆದರೆ ಮೊದಲೇ ಬ್ಯಾಕಪ್ ಮಾಡಿ ಅದರ ಗುಪ್ತಕೀಲಿಯನ್ನು ಬರೆದಿಟ್ಟುಕೊಳ್ಳದಿದ್ದವನಿಗೆ ಹಳೆಯ ಸಂಭಾಷಣೆ ಮರಳಿ ದೊರೆಯದು.

ಹಾಗೆಂದು ಎರಡನೆಯ ಗುಂಡಿ ನಿರುಪಯುಕ್ತವಲ್ಲ. ಆಪ್ ತೆರೆದೊಡನೆಯೇ ಮುಚ್ಚಿಹೋಗುತ್ತಿದ್ದರೆ ಮೊದಲು Force stop ಒತ್ತಿ ನೋಡಬೇಕು. ಬಳಿಕ ಕ್ಯಾಶ್ ಅಳಿಸಬೇಕು. ದೋಷವು ಕೆಟ್ಟ ಪ್ರತಿಯೊಂದರಲ್ಲಿದ್ದರೆ ಇಷ್ಟರಿಂದ ಸರಿಹೋಗುತ್ತದೆ. ಆಪ್‌ನ ಆಯ್ಕೆಗಳ ಕಡತವೋ ಡೇಟಾಬೇಸೋ ಕೆಟ್ಟಿದ್ದರೆ ಸರಿಹೋಗದು. ಆಗ ಡೇಟಾ ಅಳಿಸುವುದೊಂದೇ ಕೈಯಲ್ಲಿರುವ ಉಪಾಯವಾಗಬಹುದು. ಅದಕ್ಕೆ ಮೊದಲು ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು: ಒಳಗಿರುವುದರ ಪ್ರತಿ ಬೇರೆಲ್ಲಿಯಾದರೂ ಇದೆಯೇ? ಪುನಃ ಪ್ರವೇಶಿಸಲು ಬೇಕಾದ ಪಾಸ್‌ವರ್ಡ್ ಮತ್ತು ನಂಬರು ಕೈಯಲ್ಲಿವೆಯೇ? ಎರಡಕ್ಕೂ ಹೌದೆಂಬ ಉತ್ತರ ಬರುವ ತನಕ Clear storage ಗುಂಡಿಯನ್ನು ಮುಟ್ಟದಿರುವುದೇ ಕ್ಷೇಮ.