ಪತಿ-ಪತ್ನಿಯರ ಜಂಟಿ ಗೃಹಸಾಲ: ಬಡ್ಡಿ, ಅಸಲು ಹಾಗೂ ತೆರಿಗೆ ಕಡಿತದ ಪಾಲು
(2025-26ನೇ ಆರ್ಥಿಕ ವರ್ಷದ ಲೆಕ್ಕಕ್ಕಾಗಿ ಅಧ್ಯಯನ ಟಿಪ್ಪಣಿ)

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ನೌಕರರಲ್ಲಿ ಪತಿ-ಪತ್ನಿ ಇಬ್ಬರೂ ವೇತನದಾರರಾಗಿದ್ದು, ಜಂಟಿಯಾಗಿ ಗೃಹಸಾಲ ಪಡೆದವರಿದ್ದಾರೆ. ಇಂತಹ ಸಾಲಕ್ಕೆ ಬ್ಯಾಂಕು ವರ್ಷಾಂತ್ಯದಲ್ಲಿ ಸಾಮಾನ್ಯವಾಗಿ ಇಬ್ಬರ ಹೆಸರಿನಲ್ಲಿ ಒಂದೇ ಬಡ್ಡಿ ಪ್ರಮಾಣಪತ್ರ ನೀಡುತ್ತದೆ. ಅದರಲ್ಲಿ ಪೂರ್ಣ ಮೊತ್ತವಿರುತ್ತದೆಯೇ ಹೊರತು ಪಾಲು ಇರುವುದಿಲ್ಲ. ಅದೇ ಪ್ರತಿಯನ್ನು ಎರಡು ಕಚೇರಿಗಳಿಗೆ ಸಲ್ಲಿಸಿ ಇಬ್ಬರೂ ಪೂರ್ಣ ಮೊತ್ತವನ್ನು ತೋರಿಸಿದಲ್ಲಿ, ಒಂದೇ ಬಡ್ಡಿಗೆ ಎರಡು ಬಾರಿ ಕಡಿತ ಕೇಳಿದಂತಾಗುತ್ತದೆ. ಆದುದರಿಂದ ಪಾಲನ್ನು ಮೊದಲೇ ನಿರ್ಧರಿಸಿಕೊಳ್ಳತಕ್ಕದ್ದು.

1. ಪಾಲಿನ ಆಧಾರ

ಕಡಿತ ಕೇಳುವವರು ಸಾಲದಲ್ಲಿಯೂ ಮನೆಯ ಒಡೆತನದಲ್ಲಿಯೂ ಪಾಲುದಾರರಾಗಿರಬೇಕು. ಸಾಲಪತ್ರಕ್ಕೆ ಸಹಿ ಮಾಡಿದ ಮಾತ್ರಕ್ಕೆ ಕಡಿತದ ಹಕ್ಕು ಬರುವುದಿಲ್ಲ. ಒಡೆತನಕ್ಕೆ ಆಧಾರ ನೋಂದಾಯಿತ ಪತ್ರವೇ ಆಗಿದೆ. ಇ-ಸ್ವತ್ತಿನ ನಮೂನೆ-9ರಲ್ಲಿ ಹೆಸರು ಸೇರಿದ್ದರೂ, ನೋಂದಾಯಿತ ಪತ್ರದಲ್ಲಿ ಇಲ್ಲದಿದ್ದರೆ ಅದು ಸಾಲದು. ಪತ್ರದಲ್ಲಿ ಪಾಲು ನಮೂದಾಗಿರದಿದ್ದರೆ, ಸ್ವತ್ತು ವರ್ಗಾವಣೆ ಕಾಯ್ದೆ, 1882ರ ಕಲಂ 45ರಂತೆ, ಪ್ರತಿಯೊಬ್ಬರೂ ತೊಡಗಿಸಿದ ಹಣದ ಪ್ರಮಾಣವೇ ಪಾಲು. ಅದಕ್ಕೆ ಸಾಕ್ಷ್ಯವಿಲ್ಲದಿದ್ದರೆ ಸಮಪಾಲೆಂದು ಭಾವಿಸಲಾಗುವುದು. ಹೀಗೆ ನಿಂತ ಪಾಲನ್ನು ಪ್ರತಿ ಮಾರ್ಚಿಯಲ್ಲಿ ಅನುಕೂಲಕ್ಕೆ ತಕ್ಕಂತೆ ಬದಲಿಸಲಾಗದು.

ಕಂತು ಒಬ್ಬರ ಖಾತೆಯಿಂದಲೇ ಕಡಿತವಾಗುತ್ತಿದ್ದರೆ, ಇನ್ನೊಬ್ಬರು ತಮ್ಮ ಪಾಲನ್ನು ತಮ್ಮ ವೇತನ ಖಾತೆಯಿಂದ ಪ್ರತಿ ತಿಂಗಳು ಆ ಖಾತೆಗೆ ವರ್ಗಾಯಿಸುವುದು ಸೂಕ್ತ. ಪ್ರಶ್ನೆ ಬಂದಾಗ ಪಾವತಿಯ ಪುರಾವೆಯಾಗಿ ನಿಲ್ಲುವುದು ಅದೇ.

2. ಒಂದು ಉದಾಹರಣೆ

ಪತಿ ಚನ್ನಪಟ್ಟಣದಲ್ಲಿ ಪ್ರೌಢಶಾಲಾ ಶಿಕ್ಷಕರು, ವಾರ್ಷಿಕ ವೇತನ ರೂ. 15,00,000. ಪತ್ನಿ ಕನಕಪುರದಲ್ಲಿ ಪ್ರಥಮ ದರ್ಜೆ ಸಹಾಯಕರು, ವೇತನ ರೂ. 9,00,000. ರಾಮನಗರ ತಾಲ್ಲೂಕಿನ ಗ್ರಾಮವೊಂದರಲ್ಲಿ ಇಬ್ಬರೂ ಸಮಪಾಲಿನಲ್ಲಿ ಮನೆ ಖರೀದಿಸಿ ಅಲ್ಲಿಯೇ ವಾಸವಿದ್ದಾರೆ. ಸಾಲ ರೂ. 40,00,000, ಬಡ್ಡಿ ಶೇ. 8.5, ಅವಧಿ 20 ವರ್ಷ ಎಂದಿಟ್ಟುಕೊಂಡರೆ ಮಾಸಿಕ ಕಂತು ರೂ. 34,713.

ಮೊದಲ 12 ಕಂತುಗಳ ಒಟ್ಟು ಮೊತ್ತ ರೂ. 4,16,556. ಇದರಲ್ಲಿ ಬಡ್ಡಿ ಸುಮಾರು ರೂ. 3,36,946 ಮತ್ತು ಅಸಲು ರೂ. 79,610. ಆದುದರಿಂದ ಪ್ರತಿಯೊಬ್ಬರ ಪಾಲಿಗೆ ಬಡ್ಡಿ ರೂ. 1,68,473, ಅಸಲು ರೂ. 39,805.

ಸ್ವಂತ ವಾಸದ ಮನೆಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಕಲಂ 24(ಬಿ) ಅನ್ವಯ ಬಡ್ಡಿಯ ಮಿತಿ ರೂ. 2,00,000. ಈ ಮಿತಿ ಪ್ರತಿ ಪಾಲುದಾರರಿಗೂ ಪ್ರತ್ಯೇಕ. ಆದುದರಿಂದ ಇಲ್ಲಿ ಪೂರ್ಣ ಬಡ್ಡಿಯೂ ಮಿತಿಯೊಳಗಿದೆ. ಪಾಲು 70:30 ಆಗಿದ್ದರೆ ಪತಿಯ ಬಡ್ಡಿ ರೂ. 2,35,862 ಆಗಿ, ರೂ. 35,862 ವ್ಯರ್ಥವಾಗುತ್ತಿತ್ತು. ಅಸಲು ಕಲಂ 80ಸಿ ಅಡಿ ರೂ. 1,50,000ದ ಮಿತಿಯೊಳಗೆ ಬರುತ್ತದೆ. ಕೆಜಿಐಡಿ ಮೊದಲಾದವುಗಳಿಂದಲೇ ಆ ಮಿತಿ ತುಂಬಿದ್ದರೆ ಅಸಲಿನಿಂದ ಹೆಚ್ಚಿನ ಲಾಭವಿಲ್ಲ.

3. ಯಾವ ಪದ್ಧತಿ?

ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗಾಗಲಿ ಅಸಲಿಗಾಗಲಿ ಕಡಿತವಿಲ್ಲ. ಆದರೂ ಎರಡನ್ನೂ ಲೆಕ್ಕಹಾಕಿ ನೋಡಬೇಕು. 80ಸಿ ಮಿತಿ ಪೂರ್ಣ ಬಳಕೆಯಾಗಿದೆ, ಬೇರೆ ಕಡಿತಗಳಿಲ್ಲ ಎಂದು ಭಾವಿಸಿದರೆ:

ಪತ್ನಿ: ಹಳೆಯ ಪದ್ಧತಿಯಲ್ಲಿ ತೆರಿಗೆಗೊಳಪಡುವ ಆದಾಯ ರೂ. 5,31,527, ಸೆಸ್ ಸೇರಿ ತೆರಿಗೆ ಸುಮಾರು ರೂ. 19,558. ಹೊಸ ಪದ್ಧತಿಯಲ್ಲಿ ಆದಾಯ ರೂ. 8,25,000, ರಿಯಾಯಿತಿಯಿಂದಾಗಿ ತೆರಿಗೆ ಇಲ್ಲ.

ಪತಿ: ಹಳೆಯ ಪದ್ಧತಿಯಲ್ಲಿ ತೆರಿಗೆ ಸುಮಾರು ರೂ. 1,58,036, ಹೊಸ ಪದ್ಧತಿಯಲ್ಲಿ ರೂ. 97,500.

ಅಂದರೆ ಪಾಲು ಸರಿಯಾಗಿದ್ದರೂ, ಬಡ್ಡಿ ಕಡಿತದ ಆಸೆಗೆ ಹಳೆಯ ಪದ್ಧತಿಯಲ್ಲಿ ಉಳಿದರೆ ಈ ದಂಪತಿಗೆ ಸುಮಾರು ರೂ. 80,000 ನಷ್ಟ. ಇಬ್ಬರೂ ಬೇರೆ ಬೇರೆ ಪದ್ಧತಿ ಆರಿಸಿಕೊಳ್ಳಬಹುದು. ಆದರೆ ಹೊಸ ಪದ್ಧತಿಗೆ ಹೋದವರ ಬಡ್ಡಿಯ ಪಾಲನ್ನು ಇನ್ನೊಬ್ಬರು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುವಂತಿಲ್ಲ.

4. ಮನೆ ಬಾಡಿಗೆಗೆ ಹೋದಾಗ

ಪತಿಗೆ ಮಾಗಡಿಗೆ ವರ್ಗವಾಗಿ, ಮನೆಯನ್ನು ವರ್ಷಕ್ಕೆ ರೂ. 1,80,000 ಬಾಡಿಗೆಗೆ ಕೊಟ್ಟರೆ ಲೆಕ್ಕ ಬದಲಾಗುತ್ತದೆ. ಬಾಡಿಗೆಯೂ ಒಡೆತನದ ಪಾಲಿನಂತೆಯೇ ತಲಾ ರೂ. 90,000 ಆಗಿ ಹಂಚಿಕೆಯಾಗುತ್ತದೆ. ಮನೆ ಕಂದಾಯವನ್ನು ಬದಿಗಿಟ್ಟು, ಶೇ. 30ರ ಕಡಿತ ಕಳೆದರೆ ಉಳಿಯುವುದು ರೂ. 63,000. ಬಾಡಿಗೆ ಮನೆಯ ಬಡ್ಡಿಯನ್ನು ಹೊಸ ಪದ್ಧತಿಯಲ್ಲಿಯೂ ಕಳೆಯಬಹುದಾದುದರಿಂದ ಈ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಮಿಕ್ಕ ಬಡ್ಡಿಯ ನಷ್ಟವನ್ನು ಮಾತ್ರ ಹೊಸ ಪದ್ಧತಿಯಲ್ಲಿ ವೇತನದಿಂದ ಕಳೆಯಲಾಗದು.

ಹಳೆಯ ಪದ್ಧತಿಯನ್ನು ಆರಿಸುವವರು ನಮೂನೆ 12ಬಿಬಿಯಲ್ಲಿ ತಮ್ಮ ಪಾಲನ್ನಷ್ಟೇ ಬರೆದು, ಪಾಲಿನ ಪ್ರಮಾಣದ ಬಗ್ಗೆ ಇಬ್ಬರೂ ಸಹಿ ಮಾಡಿದ ಹೇಳಿಕೆಯನ್ನು ಬ್ಯಾಂಕಿನ ಪ್ರಮಾಣಪತ್ರದೊಂದಿಗೆ ತಮ್ಮ ತಮ್ಮ ವೇತನ ಬಟವಾಡೆ ಅಧಿಕಾರಿಗೆ ಸಲ್ಲಿಸುವುದು. ಎರಡೂ ಕಚೇರಿಗಳಲ್ಲಿ ತೋರಿಸಿದ ಬಡ್ಡಿಯನ್ನು ಕೂಡಿಸಿದಾಗ ಬರುವ ಮೊತ್ತವು ಪ್ರಮಾಣಪತ್ರದ ಮೊತ್ತವನ್ನು ಮೀರಿದರೆ, ಎಲ್ಲಿಯೋ ತಪ್ಪಾಗಿದೆಯೆಂದೇ ತಿಳಿಯುವುದು.