ಪಾಲುದಾರಿಕೆಯ ವಿಸರ್ಜನೆಯೂ ಹೆಸರಿನ ಬೆಲೆಯೂ

ಇಬ್ಬರು ಕೂಡಿ ನಡೆಸಿದ ಜವಳಿ ಅಂಗಡಿಯೊಂದು ವಿಸರ್ಜನೆಗೊಂಡಿತೆಂದು ಭಾವಿಸೋಣ. ಹಿರಿಯನ ಬಂಡವಾಳ 80,000 ರೂಪಾಯಿ, ಕಿರಿಯನದು 20,000. ಲಾಭನಷ್ಟಗಳು ಮಾತ್ರ ಸಮಪಾಲು. ಸರಕು ಮಾರಿ, ಬಾಕಿ ವಸೂಲಾಗಿ ಕೈಸೇರಿದ್ದು 1,10,000. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 48ನೆಯ ಪ್ರಕರಣದಂತೆ, ಬೇರೆ ಕರಾರಿಲ್ಲದಿದ್ದರೆ, ಮೊದಲು ಹೊರಗಿನವರ ಸಾಲ 30,000 ತೀರಬೇಕು. ಬಳಿಕ ಕಿರಿಯನು ಅಂಗಡಿಗೆ ಸಾಲವಾಗಿ ಕೊಟ್ಟಿದ್ದ 10,000. ಉಳಿದದ್ದು 70,000, ಬಂಡವಾಳಕ್ಕೆ 30,000 ಕೊರತೆ. ಎಡವುವುದು ಇಲ್ಲಿಯೇ. ಉಳಿದುದನ್ನು ಬಂಡವಾಳದ ಪ್ರಮಾಣದಲ್ಲಿ ಹಂಚಿ ಹಿರಿಯನಿಗೆ 56,000 ಕೊಡುವವರುಂಟು. ಅದು ತಪ್ಪು. ಕೊರತೆಯೂ ನಷ್ಟವೇ ಆದುದರಿಂದ ತಲಾ 15,000 ಕಳೆದು, ಹಿರಿಯನಿಗೆ 65,000, ಕಿರಿಯನಿಗೆ 5,000 ಸಲ್ಲತಕ್ಕದ್ದು.

ಇಷ್ಟಕ್ಕೇ ಲೆಕ್ಕ ಮುಗಿಯದು. ಗುಡ್‌ವಿಲ್ಲನ್ನು, ಎಂದರೆ ಅಂಗಡಿಯ ಹೆಸರಿಗೆ ಒಲಿದು ಬರುವ ವ್ಯಾಪಾರದ ಬೆಲೆಯನ್ನು, 55ನೆಯ ಪ್ರಕರಣವು ಆಸ್ತಿಯೊಳಗೆ ಸೇರಿಸುತ್ತದೆ. ಪಾಲುದಾರರ ದುಡಿಮೆಯ ಸಂಬಳ ಕಳೆದು ವರ್ಷದ ಸರಾಸರಿ ಲಾಭ 22,000. ಅಂಥ ವ್ಯಾಪಾರದಲ್ಲಿ ಬಂಡವಾಳಕ್ಕೆ ವಾಡಿಕೆಯ ಪ್ರತಿಫಲ ಶೇಕಡ 10ರಂತೆ 10,000. ಹೆಚ್ಚಳ 12,000, ಎರಡು ವರ್ಷಗಳ ಹೆಚ್ಚಳವನ್ನು ಹಿಡಿದರೆ ಬೆಲೆ 24,000. ಈ ‘ಎರಡು’ ಎಂಬುದು ಶಾಸನವಲ್ಲ, ಒಪ್ಪಂದ. ಗಿರಾಕಿಗಳು ಹಿರಿಯನ ಮುಖ ನೋಡಿಯೇ ಬರುತ್ತಿದ್ದರೆ ಅದು ಇನ್ನೂ ಇಳಿಯಬೇಕು. ಹೆಸರನ್ನು ಹಿರಿಯನೇ ಉಳಿಸಿಕೊಂಡಲ್ಲಿ ಆ 24,000 ಅವನ ಖಾತೆಗೆ ಖರ್ಚು ಬೀಳುತ್ತದೆ. ಕೊರತೆ 6,000ಕ್ಕಿಳಿದು, ಅವನ ಹಕ್ಕು 77,000 ಆಗುತ್ತದೆ. ಅದರಲ್ಲಿ ನಗದು 53,000. ಕಿರಿಯನಿಗೆ 5,000ದ ಬದಲು 17,000.