ಪ್ರಕಟಣೆಯಲ್ಲಿ ‘ಕಡ್ಡಾಯ’ ಯಾವುದು, ‘ಆದ್ಯತೆ’ ಯಾವುದು?

ಹಾಲು ಸಹಕಾರ ಸಂಘವೊಂದು ಹಾಲು ಪರೀಕ್ಷಕರ ಹುದ್ದೆಗೆ ಹೀಗೆ ಪ್ರಕಟಣೆ ಹೊರಡಿಸಿತೆಂದು ಭಾವಿಸೋಣ: “ಎಸ್.ಎಸ್.ಎಲ್.ಸಿ. ತೇರ್ಗಡೆಯಾಗಿರತಕ್ಕದ್ದು. ವಯಸ್ಸು 18ರಿಂದ 35ರೊಳಗಿರತಕ್ಕದ್ದು. ಕಂಪ್ಯೂಟರ್ ಬಲ್ಲವರಿಗೆ ಆದ್ಯತೆ.”

ನಿಮ್ಮ ಮಗಳಿಗೆ 22 ವರ್ಷ, ಎಸ್.ಎಸ್.ಎಲ್.ಸಿ. ಆಗಿದೆ, ಕಂಪ್ಯೂಟರ್ ಬಾರದು. ಅರ್ಜಿ ಹಾಕಬಹುದೇ? ಧಾರಾಳವಾಗಿ ಹಾಕಬಹುದು.

“ತಕ್ಕದ್ದು”, “ಕಡ್ಡಾಯ” ಎಂಬ ಮಾತುಗಳ ಕೆಳಗೆ ಗೆರೆ ಎಳೆಯಿರಿ. ಆ ಅರ್ಹತೆಗಳಲ್ಲಿ ಒಂದು ಇಲ್ಲದಿದ್ದರೂ ಅರ್ಜಿ ಪರಿಶೀಲನೆಯಲ್ಲೇ ತಿರಸ್ಕೃತವಾಗುವುದು. “ಆದ್ಯತೆ”, “ಅಪೇಕ್ಷಣೀಯ” ಎಂದಿದ್ದರೆ, ಅದು ಉಳ್ಳವರಿಗೆ ಆಯ್ಕೆಯಲ್ಲಿ ಹೆಚ್ಚಿನ ಬಲ, ಇಲ್ಲದವರು ಅನರ್ಹರಲ್ಲ.

ಒಂದು ಎಚ್ಚರಿಕೆ: ಕಡ್ಡಾಯ ಅರ್ಹತೆ ಸಾಮಾನ್ಯವಾಗಿ ಅರ್ಜಿಯ ಕೊನೆಯ ದಿನದೊಳಗೇ ಕೈಯಲ್ಲಿರಬೇಕು. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿರುವವರು, ಅವರಿಗೂ ಅವಕಾಶವುಂಟೆಂದು ಪ್ರಕಟಣೆಯಲ್ಲಿ ಹೇಳಿದ್ದರೆ ಮಾತ್ರ ಶುಲ್ಕ ಕಟ್ಟಲಿ.